ಕೋಟೆ ಮೊದಲು, ಕೋಡಿ ಆಮೇಲೆ

ನನಗೂ ನಮ್ಮಣ್ಣನಿಗೂ ಚಿಕ್ಕಂದಿನಿಂದ ಎಣ್ಣೆ ಸೀಗೆಕಾಯಿ. ಅವನು ಹೊಳಲ್ಕೆರೆಯಲ್ಲಿ, ನಾನು ಮದುವೆಯಾಗಿ ಬಂದ ಹೊಸದುರ್ಗದಲ್ಲಿ. ಮಧ್ಯೆ ಅಷ್ಟು ದೂರವಾದರೂ ಇರುವುದರಿಂದಲೇ ಇಬ್ಬರೂ ಇನ್ನೂ ಮಾತಾಡಿಕೊಂಡಿದ್ದೇವೆ. ಹಿರಿಯೂರಿನ ಮಾರಿಕಣಿವೆ ಅಣೆಕಟ್ಟೆ ತುಂಬಿ ಕೋಡಿ ಬಿದ್ದ ವರ್ಷ, ಎಲ್ಲರೂ ಒಟ್ಟಿಗೆ ಚಿತ್ರದುರ್ಗದಲ್ಲಿ ಎರಡು ದಿನ ಸೇರುವುದೆಂದು ತೀರ್ಮಾನವಾದಾಗ ಆ ದೂರವೂ ಇಲ್ಲದಂತಾಯಿತು.

ಸೇರುವುದಕ್ಕೆ ಕಾರಣ ಅವ್ವ. ಅವಳ ತವರು ಹಿರಿಯೂರು ಸೀಮೆ. ಕೋಡಿ ಬಿದ್ದಿದ್ದನ್ನು ಅವಳಪ್ಪ ನೋಡಿದ್ದರಂತೆ. ಅವಳು ಹುಟ್ಟಿದ ಮೇಲೆ ಬಿದ್ದೇ ಇರಲಿಲ್ಲ. ಮದುವೆಯಾಗಿ, ಮೂರು ಮಕ್ಕಳನ್ನು ಹೆತ್ತು, ಎಂಬತ್ತರ ಹತ್ತಿರ ಬಂದ ಮೇಲೆ ಆ ನೀರು ಬಂದಿತ್ತು. ಟಿವಿಯಲ್ಲಿ ನೋಡಿದ ದಿನವೇ ನನಗೆ ಫೋನು ಮಾಡಿದಳು. ಕಣ್ಣು ಮುಚ್ಚುವುದರೊಳಗೆ ಒಂದು ಸಲ ತೋರಿಸಿಬಿಡಿ ಎಂದಳು. ಅವಳು ಏನನ್ನಾದರೂ ಬಾಯಿಬಿಟ್ಟು ಕೇಳಿದ್ದು ನನಗೆ ನೆನಪಿರುವ ಮಟ್ಟಿಗೆ ಅದೇ ಮೊದಲು.

ನಾನು ಒಂದು ಲೆಕ್ಕ ಹಾಕಿದೆ. ತಮ್ಮನ ಅವಳಿ ಕೂಸುಗಳಿಗೆ ಎರಡು ವರ್ಷ. ಮಧ್ಯಾಹ್ನ ಮಲಗಿಸದಿದ್ದರೆ ಊರು ಎಬ್ಬಿಸುತ್ತವೆ. ಅವ್ವನಿಗೆ ಸಕ್ಕರೆ ಕಾಯಿಲೆ, ಮಂಡಿ ನೋವು. ಅಣ್ಣನ ಮಗಳು, ನನ್ನ ಮಗ ಹೈಸ್ಕೂಲು ದಾಟಿದವರು. ಒಂಬತ್ತಕ್ಕೆ ಮುಂಚೆ ಏಳುವವರಲ್ಲ. ಹಾಗಾಗಿ ಬೆಳಿಗ್ಗೆ ತಂಪಿನಲ್ಲಿ ಮುದುಕಿಯನ್ನೂ ಕೂಸುಗಳನ್ನೂ ಕರೆದುಕೊಂಡು ಮಾರಿಕಣಿವೆ, ಹೋಗುವ ದಾರಿಯಲ್ಲೇ ತಿಂಡಿ, ಮಧ್ಯಾಹ್ನ ಲಾಡ್ಜಿನಲ್ಲಿ ನಿದ್ದೆ. ಸಂಜೆ ಬಿಸಿಲು ಇಳಿದ ಮೇಲೆ ಕಾಲು ಗಟ್ಟಿ ಇರುವವರು ಕೋಟೆ ಹತ್ತಲಿ. ವಾಟ್ಸಾಪ್ ಗುಂಪಿಗೆ ಹೀಗೆ ಬರೆದು ಹಾಕಿದೆ.

ಅಣ್ಣ ಅದನ್ನು ಓದಿದನೋ ಇಲ್ಲವೋ, ಅರ್ಧ ಗಂಟೆಯಲ್ಲಿ ತನ್ನದೊಂದು ಹಾಕಿದ. ಬೆಳಿಗ್ಗೆ ಕೋಟೆ, ಒಂದು ಗಂಟೆಗೆ ಊಟ, ಎರಡಕ್ಕೆ ಕೋಡಿ. ಕೆಳಗೆ ದಪ್ಪ ಅಕ್ಷರದಲ್ಲಿ, ಎಲ್ಲರೂ ಎಲ್ಲ ಕಡೆಗೂ ಬರತಕ್ಕದ್ದು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಅದು. ನಾನು ಫೋನು ಮಾಡಿ, ಆ ಮೆಟ್ಟಿಲನ್ನು ಅವ್ವ ಹೇಗೆ ಹತ್ತುತ್ತಾಳೆ ಎಂದು ಕೇಳಿದೆ. ಹತ್ತದಿದ್ದರೆ ಲಾಡ್ಜಿನಲ್ಲಿ ಕೂರಲಿ, ನೀನು ಜೊತೆಗಿರು ಎಂದ. ದೂರದ ಊರಿನಲ್ಲಿರುವ ತಮ್ಮ ಇಬ್ಬರ ಮಾತಿಗೂ ಹೂಂ ಎಂದ. ಅವನು ಯಾವಾಗಲೂ ಹಾಗೆಯೇ. ಜಗಳದಲ್ಲಿ ಅವನಷ್ಟು ನಿಷ್ಪ್ರಯೋಜಕರನ್ನು ನಾನು ಕಂಡಿಲ್ಲ.

ಕೊನೆಗೆ ಅಣ್ಣನ ಪಟ್ಟಿಯೇ ನಡೆಯಿತು, ನಾನು ಅವ್ವನ ಜೊತೆ ಲಾಡ್ಜಿನಲ್ಲಿ ಉಳಿದೆ. ಎಂಟಕ್ಕೆ ಹೊರಡಬೇಕಿದ್ದವರು ಹುಡುಗರು ಏಳಲಿಲ್ಲವೆಂದು ಹತ್ತಕ್ಕೆ ಹೊರಟರು. ತಳ್ಳುಗಾಡಿಯಲ್ಲಿ ಕೂಸುಗಳನ್ನು ಕೂರಿಸಿಕೊಂಡು ಹೋದ ತಮ್ಮನ ಹೆಂಡತಿ ಕೋಟೆಯ ಮೊದಲ ಮೆಟ್ಟಿಲುಗಳಲ್ಲೇ ಸೋತು, ಇಬ್ಬರನ್ನೂ ಕಂಕುಳಲ್ಲಿ ಹೊತ್ತುಕೊಂಡು ವಾಪಸು ಬಂದಳು. ಬಿಸಿಲಿಗೆ ಮೂವರ ಮುಖವೂ ಕೆಂಪಾಗಿತ್ತು. ಕೂಸುಗಳಿಗೆ ಅನ್ನ ಕಲಸಿ ತಿನ್ನಿಸಿ ಮಲಗಿಸಿದೆವು. ಅವ್ವ ಹೊಸ ಸೀರೆ ಉಟ್ಟು, ಚಪ್ಪಲಿಯನ್ನೂ ಹಾಕಿಕೊಂಡು, ರೂಮಿನ ಮಂಚದ ಅಂಚಿನಲ್ಲಿ ಕೂತಿದ್ದಳು. ಎರಡಕ್ಕೆ ಕೋಡಿಗೆ ಹೊರಡಬೇಕಲ್ಲ.

ಒಂದು ಗಂಟೆಗೆ ಊಟ ಎಂದು ಹಿರಿಮಗ ಹೇಳಿದ್ದನ್ನು ನಂಬಿ, ಊಟಕ್ಕೆ ಮುಂಚಿನ ಸಕ್ಕರೆ ಮಾತ್ರೆಯನ್ನು ತಾನೇ ತೆಗೆದು ನುಂಗಿದ್ದಳು. ಲಾಡ್ಜಿನ ಕೆಳಗಿನ ಊಟದ ಕೋಣೆಯಲ್ಲಿ ನಾವು ಗೊತ್ತುಮಾಡಿದ ಅಡುಗೆಯವರು ಹೋಳಿಗೆ ಬೇಯಿಸಿ, ಎಲೆ ತೊಳೆದು ಕಾಯುತ್ತಿದ್ದರು. ಕೋಟೆಯವರ ಸುಳಿವಿಲ್ಲ. ಅವ್ವನಿಗೆ ಬಡಿಸಿರಿ ಎಂದೆ. ಅವಳು ಎಲೆ ತಳ್ಳಿದಳು. ನಮ್ಮ ಮನೆಯಲ್ಲಿ ಎಲ್ಲರೂ ಸೇರಿದ ದಿನ ಒಂದೇ ಪಂಕ್ತಿ. ಹಿರಿಮಗ ಕೂತು ಎಲೆಯ ಸುತ್ತ ನೀರು ಬಿಡುವವರೆಗೆ ದೊಡ್ಡವರು ಯಾರೂ ತುತ್ತು ಎತ್ತುವಂತಿಲ್ಲ. ಅಪ್ಪ ಮಾಡಿದ ಕಟ್ಟಳೆ ಅದು. ಅಪ್ಪ ಹೋಗಿ ಎಷ್ಟೋ ಕಾಲವಾಯಿತು, ಕಟ್ಟಳೆ ಮಾತ್ರ ಕೂತುಬಿಟ್ಟಿದೆ.

ಅಣ್ಣನಿಗೆ ಫೋನು ಮಾಡಿದೆ. ಮೇಲಿನ ಹೊಂಡದ ಹತ್ತಿರ ಇದ್ದೇವೆ, ಹುಡುಗರು ವಿಡಿಯೋ ಮಾಡುತ್ತಿದ್ದಾರೆ, ಇಷ್ಟು ದೂರ ಬಂದು ಅರ್ಧಕ್ಕೆ ಇಳಿಯುವುದು ಹೇಗೆ ಎಂದ. ಅವ್ವ ಮಾತ್ರೆ ತಗೊಂಡಿದ್ದಾಳೆ, ಅವಳಿಗೆ ಉಣ್ಣು ಎಂದು ಫೋನಿನಲ್ಲೇ ಹೇಳು ಎಂದೆ. ಅದಕ್ಕೆ ಅವನು ಕೊಟ್ಟ ಉತ್ತರವನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

"ಎಲ್ರೂ ಸೇರಿರಾದೇ ಒಂದ್ ಪಂಕ್ತೀಲಿ ಕುಂತ್ಕಂಡು ಉಣ್ಣಾಕೆ. ಒಂಚೂರು ತಡ್ಕಳಾಕೆ ಏನಾಗೈತೆ?"

ಎರಡೂವರೆ ಹೊತ್ತಿಗೆ ಅವ್ವ ಬೆವರತೊಡಗಿದಳು. ಫ್ಯಾನು ತಿರುಗುತ್ತಿತ್ತು, ಆದರೂ ರವಿಕೆ ಒದ್ದೆ. ಕೈ ನಡುಗುತ್ತಿತ್ತು. ಏನೋ ಹೇಳಲು ಹೋದರೆ ನಾಲಿಗೆ ತೊದಲಿತು. ನಾನು ಓಡಿಹೋಗಿ ಅಡುಗೆಯವರಿಂದ ಸಕ್ಕರೆ ತಂದು ನೀರಿನಲ್ಲಿ ಕಲಸಿ, ಕೂರಿಸಿಕೊಂಡು ನಿಧಾನಕ್ಕೆ ಕುಡಿಸಿದೆ. ಸ್ವಲ್ಪ ಹೊತ್ತಿಗೆ ಕಣ್ಣು ನೆಟ್ಟಗಾದವು. ಆಮೇಲೆ ಅನ್ನ ಸಾರು ಕಲಸಿ, ಬೈದುಕೊಂಡೇ ಬಾಯಿಗಿಟ್ಟೆ. ಪಂಕ್ತಿ ಮುರಿಯಿತೆಂದು ಉಣ್ಣುತ್ತಲೇ ಅಳುತ್ತಿದ್ದಳು. ಕರೆಸಿದ ಡಾಕ್ಟರು ಸಕ್ಕರೆ ಪರೀಕ್ಷೆ ಮಾಡಿ, ಇವತ್ತು ಎಲ್ಲಿಗೂ ಕರೆದೊಯ್ಯಬೇಡಿ, ಮತ್ತೆ ಮತ್ತೆ ನೋಡುತ್ತಿರಿ ಎಂದರು.

ಅಣ್ಣ ಮೂರೂವರೆಗೆ ಬಂದ. ತಲೆಗೆ ಟವೆಲ್ಲು ಕಟ್ಟಿಕೊಂಡು, ಕೋಟೆ ಗೆದ್ದವನಂತೆ. ವಿಷಯ ಕೇಳಿದವನು ಮೊದಲು ನನ್ನ ಮೇಲೆ ರೇಗಿದ, ಜೊತೆಗಿದ್ದು ನೋಡಿಕೊಳ್ಳಲು ಬರುವುದಿಲ್ಲವೇ ಎಂದು. ಆಗ ನಾನು ಅಂದ ಮಾತುಗಳನ್ನು ಇಲ್ಲಿ ಬರೆದರೆ ಓದುವವರು ಪುಸ್ತಕ ಮುಚ್ಚುತ್ತಾರೆ. ಅತ್ತಿಗೆ ಮಧ್ಯೆ ಬಂದಳು, ಅವಳಿಗೂ ಬೈಗುಳ ಬಿತ್ತು. ಹುಡುಗರು ಫೋನು ಜೇಬಿಗೆ ಹಾಕಿಕೊಂಡು ಗೋಡೆಗೆ ಒರಗಿ ನಿಂತರು. ನಾನು ಆ ಪಂಕ್ತಿಯಲ್ಲಿ ಕೂರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಅಣ್ಣ ಹೊಸ ಪಟ್ಟಿ ಹಾಕಿದ. ಚಂದ್ರವಳ್ಳಿ, ಅಲ್ಲಿಂದ ಊಟ, ಊಟ ಮುಗಿಸಿ ಅವರವರ ಊರಿಗೆ. ಕೋಡಿ ಮುಂದಿನ ವರ್ಷ ನೋಡಿದರಾಯಿತು ಎಂದ. ಅವನ ಮೊಲಕ್ಕೆ ಯಾವಾಗಲೂ ಮೂರೇ ಕಾಲು. ಮುಂದಿನ ವರ್ಷ ನೀರು ಇರುತ್ತದೋ ಇಲ್ಲವೋ, ಅವ್ವ ಇರುತ್ತಾಳೋ ಇಲ್ಲವೋ, ಯಾರು ಕಂಡವರು. ನಾನು ಅವನ ಮುಖ ನೋಡದೆ, ತಿಂಡಿ ತಿನ್ನಿಸಿದ ಅವ್ವನನ್ನು ಕೈಹಿಡಿದು ಇಳಿಸಿ, ನನ್ನ ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿದೆ. ಚೀಲದಲ್ಲಿ ಬಾಳೆಹಣ್ಣು, ಬಿಸ್ಕತ್ತು, ಮಾತ್ರೆ. ಅಣ್ಣ ಕಾರಿಗೆ ಅಡ್ಡ ಬಂದು, ನಾಕು ಜನರ ಪ್ರೋಗ್ರಾಮು ನೀನೊಬ್ಬಳು ಹಾಳು ಮಾಡುತ್ತೀಯಾ ಎಂದ. ಆಚೆ ಸರಿ, ಇಲ್ಲದಿದ್ದರೆ ಗಾಡಿ ಹತ್ತಿಸುತ್ತೇನೆ ಎಂದೆ. ಸರಿದ.

ಹೈವೇಯಲ್ಲಿ ಹಿರಿಯೂರಿಗೆ ಬಂದು ಒಳದಾರಿ ಹಿಡಿದೆವು. ಕೋಡಿಯ ಹತ್ತಿರ ಜಾತ್ರೆಯಷ್ಟು ಜನ. ಅವ್ವ ಮಂಡಿ ಹಿಡಿದುಕೊಂಡು, ನನ್ನ ಭುಜಕ್ಕೆ ಜೋತುಬಿದ್ದು, ನಿಂತು ನಿಂತು ನಡೆದಳು. ನೀರು ಕಂಡಿತು. ಬಂಡೆಗಳ ಮೇಲೆ ಬೆಳ್ಳಗೆ ಬೀಳುತ್ತಿತ್ತು. ಸದ್ದಿಗೆ ಪಕ್ಕದವರ ಮಾತೂ ಕೇಳಿಸುತ್ತಿರಲಿಲ್ಲ. ಅವ್ವ ಸೆರಗು ತಲೆಗೆ ಹೊದ್ದು ಕೈಮುಗಿದಳು. ಬಗ್ಗಲು ಆಗಲಿಲ್ಲ, ನಾನೇ ಬಾಟಲಿಯಲ್ಲಿ ಹಿಡಿದು ತಂದು ಅವಳ ಕೈಗೆ ಹೊಯ್ದೆ. ಕಣ್ಣಿಗೆ ಒತ್ತಿಕೊಂಡಳು. ನಿನ್ನೆಯ ಸಿಟ್ಟೆಲ್ಲ ಇಳಿಯಿತು ಅಂದುಕೊಂಡೆ.

ಅಷ್ಟರಲ್ಲಿ ಅವಳು ನೀರಿನ ಕಡೆಯಿಂದ ತಿರುಗಿ ನಾವು ಬಂದ ರಸ್ತೆಯನ್ನು ನೋಡತೊಡಗಿದಳು. ಅಣ್ಣನ ಗಾಡಿ ಹಿಂದೆ ಬರುತ್ತಿತ್ತಾ ಎಂದು ಕೇಳಿದಳು. ಇಲ್ಲ, ಅವನು ಬರುವುದಿಲ್ಲ ಎಂದೆ. ಆದರೂ ರಸ್ತೆಯನ್ನೇ ನೋಡಿದಳು. ಎಂಬತ್ತು ವರ್ಷ ಕಾದ ನೀರಿಗೆ ಬೆನ್ನು ಕೊಟ್ಟು ನಿಂತಿದ್ದಳು.

"ಅವ್ನೂ ಇದ್ದಿದ್ರೆ ಚೆನ್ನಾಗಿರಾದು ಕಣೇ."

"ನಾನು ಬಂದಿದೀನಲ್ಲವ್ವ," ಎಂದೆ.

"ನೀನು ಹೆಂಗಾದ್ರೂ ಬರ್ತೀಯ ಬಿಡು," ಎಂದಳು.