ಐವತ್ತರ ಗೆರೆ

ಚಳ್ಳಕೆರೆಯ ಎಣ್ಣೆ ಮಿಲ್ಲುಗಳಲ್ಲಿ ಹಾಲೇಶಪ್ಪನವರದೂ ಒಂದು. ಅವರ ತಮ್ಮನ ಮಗಳು ಮಂಗಳಗೌರಿ ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಕೆಲವು ವರ್ಷಗಳಾಗಿದ್ದವು. ಹತ್ತಿರದ ಕುದಾಪುರದ ಕಡೆ ಸಂಶೋಧನಾ ಕೇಂದ್ರಗಳು ತಲೆಯೆತ್ತಿದ ಮೇಲೆ, ಅಲ್ಲಿನ ಯಾವುದಾದರೊಂದು ಪ್ರಯೋಗಾಲಯಕ್ಕೆ ಸೇರಬೇಕೆಂಬ ಆಸೆ ಅವಳನ್ನು ಕೂತಲ್ಲಿ ಕೂರಲು ಬಿಡುತ್ತಿರಲಿಲ್ಲ.

ಮೊದಮೊದಲು ಕಂಡಕಂಡ ಹುದ್ದೆಗೆಲ್ಲ ಅರ್ಜಿ ಹಾಕಿದಳು. ಯಾವುದಕ್ಕೂ ಉತ್ತರ ಬರಲಿಲ್ಲ. ಹಾಗಾಗಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಯುತ್ತಿದ್ದಾಗ ತನಗೆಂದೇ ಒಂದು ಪುಟ್ಟ ಪ್ರೋಗ್ರಾಮ್, ಒಂದು ಸ್ಕ್ರಿಪ್ಟ್, ಬರೆದುಕೊಂಡಳು. ಜಾಹೀರಾತಿನ ಅರ್ಹತೆಯ ಭಾಗವನ್ನು ಅದಕ್ಕೆ ಕೊಟ್ಟರೆ ಸಾಕು, ಪದಪದವಾಗಿ ಒಡೆದು, 'ಮತ್ತು', 'ಅಥವಾ' ಎಂಬಂಥ ಹೊಟ್ಟನ್ನೆಲ್ಲ ತೂರಿಬಿಡುತ್ತಿತ್ತು. ಉಳಿದ ಪದಗಳಲ್ಲಿ ಎಷ್ಟು ಅವಳ ಕೌಶಲಗಳ ಪಟ್ಟಿಯಲ್ಲಿವೆಯೆಂದು ಎಣಿಸಿ ನೂರಕ್ಕೆ ಇಷ್ಟು ಎನ್ನುತ್ತಿತ್ತು. ಐವತ್ತಕ್ಕಿಂತ ಕಡಿಮೆ ಬಂದ ಹುದ್ದೆಗೆ ಅರ್ಜಿಯಿಲ್ಲ. ಆ ಗೆರೆಯನ್ನು ಎಳೆದವಳೂ ಅವಳೇ.

ಆ ಶುಕ್ರವಾರ ಸಿಕ್ಕಿದ್ದು ಅವಳು ಕಾದಿದ್ದಂಥದೇ ಜಾಹೀರಾತು: ಖಾದ್ಯತೈಲ ಪರೀಕ್ಷೆಗೆ ಗುತ್ತಿಗೆಯ ಮೇಲೆ ಪ್ರಯೋಗಾಲಯ ಸಹಾಯಕಿ. ಕಣ್ಣಿಗೆ ಬೀಳುವಷ್ಟರಲ್ಲಿ ಕೊನೆಯ ದಿನ ಬಂದೇಬಿಟ್ಟಿತ್ತು. ಸಂಜೆ ಐದಕ್ಕೆ ಜಾಲತಾಣ ಮುಚ್ಚುತ್ತಿತ್ತು. ಸ್ಕ್ರಿಪ್ಟ್ ಓಡಿಸಿದಳು. ಮೂವತ್ತು ಬಂತು. ಮತ್ತೊಮ್ಮೆ ಓಡಿಸಿದಳು. ಲೆಕ್ಕ ಬದಲಾಗಲು ಕಾರಣವೇನಿದೆ? ಇಪ್ಪತ್ತು ಪದಗಳಲ್ಲಿ ಆರು ಹೊಂದಿದ್ದವು, ಅಷ್ಟೆ.

ಅವಳು ಅಂಗಳಕ್ಕೂ ಒಳಕ್ಕೂ ತಿರುಗುತ್ತಿದ್ದುದನ್ನು ನೋಡಿ ಅವ್ವ ಅನ್ನಪೂರ್ಣಮ್ಮ, "ಕಾಲಿಗೆ ಚಕ್ರ ಕಟ್ಕೊಂಡೀಯೇನೇ? ಕುಂತ್ಕೊಂಡು ಒಂದು ತುತ್ತು ತಿನ್ನು" ಎಂದರು. ಅವಳು ತಟ್ಟೆಯನ್ನು ಬದಿಗಿಟ್ಟು ಮತ್ತೆ ಲ್ಯಾಪ್‌ಟಾಪಿನ ಮುಂದೆ ಕೂತಳು.

ಹಾಲೇಶಪ್ಪನವರ ಮಗ ಮಹಾಂತೇಶ್ ಊಟಕ್ಕೆ ಬಂದವನು ಲ್ಯಾಪ್‌ಟಾಪಿನತ್ತ ಬಗ್ಗಿದ. "ಏನಕ್ಕಾ, ನಿನ್ ಮೇಷ್ಟ್ರು ಇವತ್ತು ಎಷ್ಟು ಮಾರ್ಕು ಕೊಟ್ರು?"

"ಮೂವತ್ತು."

"ಪಾಸೂ ಇಲ್ವಲ್ಲ!" ನಗುತ್ತಲೇ ಜಾಹೀರಾತನ್ನು ಓದಿದ. ನಗು ನಿಂತಿತು. "ಅಲ್ಲಕ್ಕಾ, ಟೈಟ್ರೇಶನ್ ಅಂತೈತೆ. ತೇವಾಂಶ ಅಂತೈತೆ. ಮಿಲ್ನಾಗೆ ದಿನಾ ನೀನೇ ಅಲ್ವಾ ನೋಡೋದು? ಅದನ್ನ ಪಟ್ಟೀಗೆ ಹಾಕಿಲ್ವಾ?"

"ಅದು ಮನೆ ಕೆಲಸ ಕಣೋ."

ಹೇಳಿದ ಮೇಲೆ ಅವಳ ಮಾತು ಅವಳಿಗೇ ಚುಚ್ಚಿತು. ಪಟ್ಟಿಯಲ್ಲಿ ಇದ್ದದ್ದೆಲ್ಲ ಸರ್ಟಿಫಿಕೇಟಿನಲ್ಲಿ ಅಚ್ಚಾದದ್ದು. ಎಣ್ಣೆಯನ್ನು ಆಲ್ಕೊಹಾಲಿನಲ್ಲಿ ಕಲಸಿ, ಬ್ಯೂರೆಟ್ಟಿನ ಗಾಜುನಳಿಕೆಯಿಂದ ಕ್ಷಾರವನ್ನು ತೊಟ್ಟುತೊಟ್ಟಾಗಿ ಬಿಟ್ಟು, ನಸುಗುಲಾಬಿ ಬಣ್ಣ ನಿಲ್ಲುವುದನ್ನು ಕಾದು, ಹೀಗೆ ಟೈಟ್ರೇಶನ್‌ನಿಂದ ಆಮ್ಲಾಂಶ ಹೇಳುತ್ತಿದ್ದ ವರ್ಷಗಳಿಗೆ ಅಲ್ಲಿ ಜಾಗವಿರಲಿಲ್ಲ. ಇಲ್ಲದ ಪದವನ್ನು ಸ್ಕ್ರಿಪ್ಟ್ ಎಲ್ಲಿಂದ ಹುಡುಕೀತು?

ಟೈಟ್ರೇಶನ್, ತೇವಾಂಶ, ಮಾದರಿ, ದ್ರಾವಣ, ಆಮ್ಲಾಂಶ. ಐದನ್ನೂ ಸೇರಿಸಿದಳು. ಐವತ್ತೈದು! ಬೆರಳು ಅಲ್ಲಿಗೇ ನಿಲ್ಲಲಿಲ್ಲ. 'ಕ್ರೊಮಾಟೋಗ್ರಫಿ'ಯನ್ನೂ ಟೈಪ್ ಮಾಡಿತು. ಅರವತ್ತು. ಅದರ ಯಂತ್ರವನ್ನು ಅವಳು ಕಾಲೇಜಿನಲ್ಲಿ ಗಾಜಿನಾಚೆಯಿಂದ ಕಂಡದ್ದಷ್ಟೆ. ಸ್ಕ್ರಿಪ್ಟಿಗೆ ನಿಜಸುಳ್ಳು ತಿಳಿಯದು, ಪದ ಕಂಡರೆ ಎಣಿಸುತ್ತದೆ. ಸಂದರ್ಶನದಲ್ಲಿ ಎದುರು ಕೂರುವವರು ಹಾಗಲ್ಲ. ಅಳಿಸಿದಳು.

ಆದರೆ ಅರ್ಜಿಯ ಜೊತೆಗೆ ಅನುಭವದ ಪತ್ರ ಬೇಕಿತ್ತು. ಮಿಲ್ಲಿಗೆ ಹೆಚ್ಚುಕಡಿಮೆ ಓಡಿಯೇ ಹೋದಳು. ಹಾಲೇಶಪ್ಪನವರು ಶೇಂಗಾ ಚೀಲಗಳ ತೂಕ ನೋಡಿಸುತ್ತಿದ್ದರು.

"ಮನೆ ಮಗಳಿಗೆ ಎಂಥ ಸರ್ಟಿಫಿಕೇಟವ್ವಾ? ದೊಡ್ಡಪ್ಪ ಅಂತ ಬರ್ಕೊಡ್ಲಾ?"

"ದೊಡ್ಡಪ್ಪ ಅಂತ ಬೇಡ್ರಿ. ಮಾಲೀಕರು ಅಂತ ಬರ್ಕೊಡ್ರಿ."

ಹಮಾಲಿಯೊಬ್ಬ ಕಿಸಕ್ಕನೆ ನಕ್ಕ. ಹಾಲೇಶಪ್ಪನವರ ಮುಖ ಬಿಗಿಯಿತು. "ಮನೆ ಹುಡುಗೀನ ಬಿಟ್ಟಿ ದುಡಿಸ್ಕೊಂಡ್ರು ಅಂತಾರೆ ಕಣವ್ವಾ ಜನ."

"ದುಡಿದಿದ್ದು ಸುಳ್ಳೇನ್ರಿ?"

ಅವಳು ಹಾಗೆ ಎದುರು ಮಾತಾಡಿದ್ದು ಅದೇ ಮೊದಲು. ಹಾಲೇಶಪ್ಪನವರು ಕಚೇರಿಗೆ ನಡೆದರು. ಕುರ್ಚಿಯಲ್ಲಿ ಕೂತು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. 'ಸಹಾಯ ಮಾಡುತ್ತಿದ್ದಾರೆ' ಎಂದು ಬರೆದರು. ಮೇಜಿನ ಈಚೆ ನಿಂತವಳು ಕದಲಲಿಲ್ಲ. ಆ ಹಾಳೆಯನ್ನು ಹರಿದು ಇನ್ನೊಂದರ ಮೇಲೆ 'ಎಣ್ಣೆ ಪರೀಕ್ಷೆಯ ಕೆಲಸ ನಿರ್ವಹಿಸುತ್ತಿದ್ದಾರೆ' ಎಂದು ಬರೆದು ಮೊಹರು ಒತ್ತಿದರು.

"ಹೋಗು. ಆಮೇಲೆ ಇಲ್ಲಿ ಎಣ್ಣೆ ಯಾರು ನೋಡ್ತಾರೆ ಅನ್ನೋದು ನನ್ ಹಣೆಬರಹ."

ಮಿಲ್ಲಿನ ಮೆಟ್ಟಿಲ ಮೇಲೆಯೇ ಕೂತು, ಫೋನಿನಲ್ಲಿ ಪತ್ರದ ಚಿತ್ರ ತೆಗೆದು ಅರ್ಜಿಗೆ ಸೇರಿಸಿದಳು. ಜಾಲತಾಣದ ಚಕ್ರ ಸುತ್ತುತ್ತಲೇ ಇತ್ತು. ಐದಕ್ಕೆ ಸ್ವಲ್ಪ ಮುಂಚೆ ಅರ್ಜಿಯ ಸಂಖ್ಯೆ ಮೂಡಿತು. ಕೆಲಸ ಸಿಕ್ಕೀತೆ ಎಂಬುದಕ್ಕೆ ಯಾವ ಸ್ಕ್ರಿಪ್ಟಿನಲ್ಲೂ ಉತ್ತರವಿರಲಿಲ್ಲ. ಒಳಗಿಂದ ಹಾಲೇಶಪ್ಪನವರು ಗುಮಾಸ್ತನಿಗೆ ಹೇಳುತ್ತಿದ್ದುದು ಕೇಳಿಸಿತು: "ಮಂಗಳಗೌರಿ ಹೆಸರನ್ನ ಸಂಬಳದ ಪುಸ್ತಕದಾಗೆ ಬರಿ. ಈ ತಿಂಗಳಿಂದಾನೇ."