ಮಿಗಿಸಿಟ್ಟ ಹದಿನೈದು ಸೆಕೆಂಡು

ಕಾಲೇಜಿನಲ್ಲಿ ಅವಳನ್ನು ಎಲ್ಲರೂ ‘ಗಡಿಯಾರ’ ಎಂದೇ ಕರೆಯುತ್ತಿದ್ದರು. ಅವಳೇನೂ ಸಿಟ್ಟಾಗುತ್ತಿರಲಿಲ್ಲ, ಇಬ್ಬರ ತಂಡದಲ್ಲಿ ಒಬ್ಬರಿಗಾದರೂ ಹೊತ್ತಿನ ಪರಿವೆ ಬೇಡವೇ? ಇನ್ನೊಬ್ಬನಿಗೆ ‘ಕ್ಯಾಪ್ಟನ್’ ಎಂದು ಅಡ್ಡಹೆಸರು, ಮಾತಿನಮಲ್ಲ. ಔಷಧಿ ಚೀಟಿಗೆ ಫೋನ್ ಹಿಡಿದರೆ ಅದನ್ನು ಗಟ್ಟಿಯಾಗಿ ಓದಿ ಹೇಳುವ ಆ್ಯಪ್ ಅವರದು. ಕಟ್ಟಿದವಳು ಅವಳು, ಮಾರುವವನು ಅವನು.

ಡೆಮೋ ದಿನ ಹೂಡಿಕೆದಾರರ ಮುಂದೆ ಸಿಗುವುದು ಮೂರೇ ನಿಮಿಷ. ಆಮೇಲೆ ಗಂಟೆ ಬಾರಿಸಿ ಮೈಕ್ ಬಂದ್. ಅವಳು ಲ್ಯಾಬಿನ ಬಿಳಿ ಹಲಗೆಯ ಮೇಲೆ ಹೊತ್ತು ಹಂಚಿದಳು: ಸಮಸ್ಯೆಗೆ ಮೂವತ್ತು ಸೆಕೆಂಡು, ಪರಿಹಾರಕ್ಕೆ ಮೂವತ್ತು, ಆ್ಯಪ್ ತೋರಿಸಲು ನಲವತ್ತೈದು, ಮಾರುಕಟ್ಟೆ ಮತ್ತು ಆದಾಯಕ್ಕೆ ಮೂವತ್ತು, ತಂಡದ ಪರಿಚಯ ಮತ್ತು ಕೇಳುವ ಹಣಕ್ಕೆ ಮೂವತ್ತು.

“ಹದಿನೈದು ಉಳೀತಲ್ಲ?” ಎಂದ ಕ್ಯಾಪ್ಟನ್.

“ಖಾಲಿ ಇರ್ಲಿ. ಫೋನ್ ತಡವರಿಸಿದ್ರೆ ಬೇಕಾಗುತ್ತೆ.”

“ಶುರುನೇ ಸಪ್ಪೆ ಕಣೇ. ಲಕ್ಷಾಂತರ ಜನಕ್ಕೆ ಓದು ಬರಲ್ಲ ಅಂದ್ರೆ ಯಾರ ಕರುಳು ಚುರ್ ಅನ್ನುತ್ತೆ? ನಿಮ್ಮಮ್ಮನ ವಿಷಯ ಹೇಳಿದ್ರೆ...”

“ಬೇಡ ಅಂದ್ರೆ ಬೇಡ.”

ಅವಳಮ್ಮ ಗಾರ್ಮೆಂಟ್ಸಿನಲ್ಲಿ ಗುಂಡಿ ಹೊಲಿಯುವವಳು. ಓದು ಬಾರದು. ಕನ್ನಡಕ ಮರೆತೆ ಎಂಬ ನೆಪದಲ್ಲೇ ಜೊತೆಗಾರರ ನಡುವೆ ತಲೆಯೆತ್ತಿ ಬಾಳಿದ್ದಳು. ಒಮ್ಮೆ ಮಾತ್ರೆ ಅದಲು ಬದಲಾಗಿ ತಲೆಸುತ್ತಿ ಬಿದ್ದಾಗಲೇ ಮಗಳಿಗೂ ತಿಳಿದದ್ದು. ಆ್ಯಪ್ ಹುಟ್ಟಿದ್ದು ಹಾಗೆ ಎಂದು ಮಗಳು ಹೇಳಿಕೊಂಡದ್ದು ಕ್ಯಾಪ್ಟನ್‌ಗೆ ಮಾತ್ರ. ನಿಮ್ಮಮ್ಮ ನಂಗೂ ಅಮ್ಮನೇ ಎಂದಿದ್ದ ಪುಣ್ಯಾತ್ಮ.

ಡೆಮೋ ದಿನ ಅಮ್ಮ ರಜೆ ಹಾಕಿ, ಕೆಲಸದ ಗೆಳತಿಯನ್ನೂ ಕರೆತಂದು ಮೂರನೇ ಸಾಲಿನಲ್ಲಿ ಕೂತಿದ್ದಳು. ಮಗಳು ವೇದಿಕೆಯ ಅಂಚಿನಲ್ಲಿ ಸ್ಟಾಪ್‌ವಾಚ್ ಒತ್ತಿದಳು. ಸಮಸ್ಯೆಯ ಮೂವತ್ತು ಸೆಕೆಂಡು ದಾಟಿತು. ಕ್ಯಾಪ್ಟನ್ ನಿಲ್ಲಿಸಲಿಲ್ಲ.

“ನನ್ನ ಜೊತೆಗಾತಿಯ ಅಮ್ಮನಿಗೆ ಓದೋಕೆ ಬರಲ್ಲ. ಮಾತ್ರೆ ತಪ್ಪಿ ಪ್ರಾಣಕ್ಕೇ ಕುತ್ತು ಬಂದಿತ್ತು. ನಾಚಿಕೆಯಿಂದ ಯಾರಿಗೂ ಹೇಳದ ಆ ತಾಯಿ ಇವತ್ತು ಇಲ್ಲೇ ಕೂತಿದ್ದಾರೆ!”

ಅವನ ಕೈ ಮೂರನೇ ಸಾಲಿನತ್ತ ಚಾಚಿತ್ತು. ಸಭೆ ತಿರುಗಿ ನೋಡಿತು. ಆದರೂ ಮಗಳು ತನ್ನ ಸರದಿ ಬಂದಾಗ ಔಷಧಿ ಚೀಟಿಗೆ ಫೋನ್ ಹಿಡಿದಳು. ಅದು ಒಂಚೂರೂ ತಡವರಿಸದೆ ಓದಿತು. ಕ್ಯಾಪ್ಟನ್ನನ ಕೊನೆಯ ಮಾತಿಗೂ ಗಂಟೆಗೂ ಸರಿಹೋಯಿತು. ಚಪ್ಪಾಳೆಯೋ ಚಪ್ಪಾಳೆ.

ತೆರೆಯ ಹಿಂದೆ ಅವನು ಹಲ್ಲುಗಿಂಜಿದ. “ಬೈಬೇಡ ಕಣೇ, ಭಾವುಕನಾಗ್ಬಿಟ್ಟೆ. ಬಾಯಿಗೆ ಬಂತು, ಹೇಳ್ಬಿಟ್ಟೆ.”

“ಬಾಯಿಗೆ ಬಂದಿದ್ದು ಸರಿಯಾಗಿ ಹದಿನೈದು ಸೆಕೆಂಡಿಗೆ ಮುಗಿಯಲ್ಲ. ಎಷ್ಟು ಸಲ ಪ್ರಾಕ್ಟೀಸ್ ಮಾಡಿದ್ದೆ?”

ಅವನು ಕಾಲರಿನ ಮೈಕ್ ಬಿಚ್ಚುವುದರಲ್ಲಿ ಮಗ್ನನಾದ. ಬೆನ್ನಿಗೆ ಚೂರಿ ಹಾಕುವವರೂ ತಾಲೀಮು ಮಾಡುತ್ತಾರೆಂದು ಅವಳಿಗೆ ಅಂದು ಗೊತ್ತಾಯಿತು.

ಹೊರಗೆ ಕಾರಿಡಾರಿನಲ್ಲಿ ಗೆಳತಿ ಅಮ್ಮನ ಕೈ ಹಿಡಿದುಕೊಂಡಿದ್ದಳು. “ಒಂದು ಮಾತು ಹೇಳಿದ್ರೆ ನಾನೇ ಓದಿ ಹೇಳ್ತಿದ್ನಲ್ಲಕ್ಕ.” ಅಮ್ಮ ಕೈ ಬಿಡಿಸಿಕೊಂಡು ಮಗಳತ್ತ ತಿರುಗಿದಳು.

“ಎಷ್ಟು ಜನಕ್ಕೆ ಹೇಳಿದ್ದೆ?”

“ಅವನೊಬ್ಬನಿಗೇ ಅಮ್ಮಾ. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದ.”

“ನೀನೂ ಕೊಟ್ಟಿದ್ದೆ,” ಎಂದಳು ಅಮ್ಮ.