ಬಾಜೂ ಕೋಣೆಗೆ ಹೊರಟ ಗಂಟು

ಸವಣೂರಿನ ನಮ್ಮ ಕಚೇರಿಗೆ ಹಳ್ಳಿಗಳಿಂದ ಶಾಲೆ ದುರಸ್ತಿ, ನೀರಿನ ಟಾಕಿಯಂಥ ಕಾಮಗಾರಿಗಳ ಫೈಲುಗಳು ಮಂಜೂರಾತಿಗೆ ಬರುತ್ತವೆ. ಬಂದವು ಬೇಗ ಹೊರಬೀಳುತ್ತಿರಲಿಲ್ಲ. ಕಚೇರಿ ಕೆಲಸ ಚುರುಕಾಗಿಸುವ ತರಬೇತಿಯಿಂದ ಮರಳಿದ ಹುರುಪಿನಲ್ಲಿ ನಾನು ಒಂದು ಫೈಲಿನ ಇಡೀ ದಾರಿಯನ್ನು ಗೋಡೆಗೆ ಅಂಟಿಸಿದ ಹಾಳೆಯ ಮೇಲೆ ಬರೆದೆ. ಪ್ರತಿ ಮೇಜಿನಲ್ಲಿ ಕೆಲಸಕ್ಕೆ ಹಿಡಿದ ಹೊತ್ತೆಷ್ಟು, ಮುಂದಿನ ಮೇಜಿಗೆ ಹೋಗುವ ಮುನ್ನ ಕಾದ ಹೊತ್ತೆಷ್ಟು? ಕೆಲಸ ತಾಸುಗಳ ಲೆಕ್ಕದಲ್ಲಿತ್ತು, ಕಾಯುವುದು ವಾರಗಳ ಲೆಕ್ಕದಲ್ಲಿ! ಎಲ್ಲಕ್ಕಿಂತ ಉದ್ದದ ಕಾಯುವಿಕೆ ನಮ್ಮ ಹಿರಿಯ ಗುಮಾಸ್ತೆಯ ಕಪಾಟಿನಲ್ಲಿ, ಕೆಂಪು ಬಟ್ಟೆಯ ಗಂಟಿನೊಳಗಿತ್ತು.

"ಗಂಟು ತುಂಬಿದ ಮ್ಯಾಲ ಎಂಜಿನಿಯರ್ ಸಾಹೇಬ್ರ ಸಹಿಗೆ ಕಳಸ್ತೇವ್ರಿ. ಎರಡು ಫೈಲ್ ಹಿಡ್ಕೊಂಡು ಶಿಗ್ಗಾಂವಿ ಬಸ್ ಯಾರು ಹತ್ತತಾರ?" ಎಂದರು ಆಕೆ.

"ಅಕ್ಕಾರ, ಸಾಹೇಬ್ರು ಶಿಗ್ಗಾಂವಿ ಬಿಟ್ಟು ಹೋದ ತಿಂಗಳ ಇಲ್ಲಿಗೇ ಬಂದಾರಲ್ರಿ! ಬಾಜೂ ಕೋಣ್ಯಾಗ ಕುಂದರ್ತಾರ!"

ಆಕೆ ಬಾಯಿ ಮೇಲೆ ಕೈಯಿಟ್ಟುಕೊಂಡರು. ಮರುಕ್ಷಣ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅರ್ಧ ತುಂಬಿದ ಗಂಟನ್ನು ಅಲ್ಲೇ ಬಿಚ್ಚಿ, ಫೈಲುಗಳನ್ನು ಹಂಚಿಕೊಂಡು, ಓಡಿದಂತೆಯೇ ಬಾಜೂ ಕೋಣೆಗೆ ಹೋದೆವು.

ಸಾಹೇಬರು ಖಾಲಿ ಮೇಜಿನಿಂದ ತಲೆಯೆತ್ತಿ ಕಣ್ಣರಳಿಸಿದರು. "ಬರ್ರಿ, ಬರ್ರಿ! ಈ ತಾಲ್ಲೂಕಿನ್ಯಾಗ ಕೆಲಸನ ಇಲ್ಲ ಅಂತ ತಿಳ್ಕೊಂಡಿದ್ದೆ ನೋಡ್ರಿ."